ಏರುತ್ತದೆ, ಆದರೆ ಎಲ್ಲಿ ಏರುತ್ತದೆ?

ಮಂಗಳವಾರ, 11 ಫೆಬ್ರವರಿ 2025

ನಿನ್ನೆ ತರಗತಿಯಲ್ಲಿ ಒಂದು ತಪ್ಪು ಹೇಳಿದೆ. "ಸಂಚಿತ ವಿತರಣಾ ಫಲನ ಅವಿಚ್ಛಿನ್ನವಾಗಿದ್ದರೆ ಸಾಂದ್ರತಾ ಫಲನ ಇದ್ದೇ ಇರುತ್ತದೆ" ಅಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಮೇಡಂ, ಜಿಗಿತ ಇಲ್ಲ ಅಂದಮಾತ್ರಕ್ಕೆ ಸಾಂದ್ರತೆ ಇದೆ ಅಂತ ಹೇಗೆ ಹೇಳೋದು?" ಹೊತ್ತಾಗಿತ್ತು, "ಹಾಗೇ ಅಂದುಕೋ" ಎಂದುಬಿಟ್ಟೆ. ಅವಳ ಅನುಮಾನವೇ ಸರಿ. ರಾತ್ರಿಯೆಲ್ಲ ಅದೇ ಕೊರೆಯುತ್ತಿತ್ತು. ಇವತ್ತು ಬೆಳಿಗ್ಗೆ ಕೂತು, ನನ್ನ ಮಾತನ್ನು ಸುಳ್ಳಾಗಿಸುವ ಕ್ಯಾಂಟರ್ ಫಲನ F ಅನ್ನು ಮೊದಲಿಂದ ಕಟ್ಟಿ ನೋಡಿದೆ.

0ಯಿಂದ 1ರವರೆಗಿನ ಗೆರೆಯ ನಡುವಿನ ಮೂರನೇ ಒಂದು ಭಾಗ ತೆಗೆಯಬೇಕು. ಅಲ್ಲಿ F ಎಲ್ಲ ಕಡೆ 1/2. ಉಳಿದ ಎರಡು ತುಂಡುಗಳ ನಡುಭಾಗವನ್ನೂ ತೆಗೆದರೆ ಎಡಗಡೆಯದರಲ್ಲಿ F 1/4, ಬಲಗಡೆಯದರಲ್ಲಿ 3/4. ಹೀಗೇ ಮುಂದುವರಿಸುತ್ತ ಹೋದರೆ ತೆಗೆದ ಉದ್ದಗಳ ಮೊತ್ತ 1/3 + 2/9 + 4/27 + … = 1. ಅಂದರೆ ಗೆರೆಯ ಪೂರ್ತಿ ಉದ್ದ ಚಪ್ಪಟೆ ಮೆಟ್ಟಿಲುಗಳಿಗೇ ಹೋಯಿತು, ಅಲ್ಲೆಲ್ಲ F ನ ಇಳಿಜಾರು ಸೊನ್ನೆ. ಆದರೂ F 0ಯಿಂದ 1ಕ್ಕೆ ಏರಿದೆ, ಎಲ್ಲೂ ಜಿಗಿದಿಲ್ಲ: n ಹಂತ ಮುಗಿದಾಗ ಅಕ್ಕಪಕ್ಕದ ಮೆಟ್ಟಿಲುಗಳ ಎತ್ತರದ ಅಂತರ 1/2ⁿ ಮಾತ್ರ, ಅದು ಸೊನ್ನೆಯತ್ತ ಕುಗ್ಗುತ್ತಲೇ ಹೋಗುತ್ತದೆ. ಸಾಂದ್ರತೆ f ಇದ್ದಿದ್ದರೆ ಅದು ಹೆಚ್ಚುಕಡಿಮೆ ಎಲ್ಲೆಡೆ F ನ ಇಳಿಜಾರಿಗೆ ಸಮನಾಗಿರಬೇಕಿತ್ತು, ಎಂದರೆ ಸೊನ್ನೆ. ಸೊನ್ನೆಯನ್ನು ಸಂಕಲಿಸಿದರೆ ಸೊನ್ನೆ, 1 ಬರುವುದಿಲ್ಲ.

ಇದಿಷ್ಟೂ ಪುಸ್ತಕದಲ್ಲಿ ಸಿಗುತ್ತದೆ. ಆದರೆ ಅವಳಿಗೆ ತೋರಿಸಬೇಕಾದದ್ದು ಯಾದೃಚ್ಛಿಕ ಸಂಖ್ಯೆಯ ಕಡೆಯಿಂದ. ನಾಣ್ಯ ಚಿಮ್ಮುತ್ತ ಹೋಗಿ, ಮೂರರ ಆಧಾರದ ಒಂದೊಂದು ಸ್ಥಾನದಲ್ಲೂ 0 ಅಥವಾ 2 ಬರೆಯಿರಿ, 1 ಮಾತ್ರ ಬೇಡ. ಹೀಗೆ ಬರುವ ಸಂಖ್ಯೆ X, ಅದರ ಸಂಚಿತ ವಿತರಣಾ ಫಲನವೇ F. ಮೂರು ಅಂಕಿಗಳಿಗೂ ಸಮ ಅವಕಾಶ ಕೊಟ್ಟಿದ್ದರೆ ಏಕರೂಪ ವಿತರಣೆ ಬರುತ್ತಿತ್ತು. ಒಂದು ಅಂಕಿ ಬಿಟ್ಟದ್ದಕ್ಕೇ ಸಾಂದ್ರತೆ ಇಲ್ಲವಾಯಿತು, ಇದು ನನಗೆ ಈಗಲೂ ಅಚ್ಚರಿ.

```python
import random
x = sum(2*random.getrandbits(1)/3**k
        for k in range(1, 31))
```

ಇಂಥ ಒಂದು ಲಕ್ಷ ಸಂಖ್ಯೆ ಹುಟ್ಟಿಸಿ, ಒಟ್ಟು ವಿಸ್ತೀರ್ಣ 1 ಆಗುವಂತೆ 10 ಕಂಬಗಳ ಹಿಸ್ಟೋಗ್ರಾಮ್ ಹಾಕಿದೆ. ಎರಡು ತುದಿಗಳಲ್ಲಿ ಎತ್ತರ 2ರ ಹತ್ತಿರ, ನಡುವಿನ ಎರಡು ಕಂಬ ಖಾಲಿ, ಉಳಿದವು ಏರಿಳಿತ. ಯಾರಿಗಾದರೂ ಇದು ಸಾಂದ್ರತೆಯ ಒರಟು ಚಿತ್ರ ಅನ್ನಿಸುತ್ತದೆ, ಅದನ್ನು ನಯಗೊಳಿಸಿ ಗೆರೆ ಎಳೆದುಬಿಡುತ್ತಾರೆ. ಮೋಸ ಹೋಗುವುದು ಇಲ್ಲೇ. ಕಂಬಗಳನ್ನು 27 ಮಾಡಿದೆ: 8ರಲ್ಲಿ ಮಾತ್ರ ಸಂಖ್ಯೆಗಳಿವೆ, ಎತ್ತರ ಸುಮಾರು 27/8, ಅಂದರೆ 3.4. ಕಂಬಗಳನ್ನು 243 ಮಾಡಿದರೆ 32 ತುಂಬಿವೆ, ಎತ್ತರ 7.6ರ ಸುಮಾರು. ಮಾದರಿ ಸಾಲದ್ದರಿಂದ ಹೀಗಾಯಿತು ಎನ್ನುವಂತಿಲ್ಲ, ತುಂಬಿದ ಪ್ರತಿ ಕಂಬದಲ್ಲೂ ಸರಾಸರಿ 3125 ಸಂಖ್ಯೆಗಳಿವೆ, ಏರುಪೇರು 55ರಷ್ಟು. ಸಾಂದ್ರತೆ ಇದ್ದಲ್ಲಿ ಕಂಬ ಸಣ್ಣದಾಗಿಸಿದಂತೆ ಎತ್ತರಗಳು ಒಂದು ಬೆಲೆಗೆ ನಿಲ್ಲಬೇಕು. ಇಲ್ಲಿ ಪ್ರತಿ ಬಾರಿ ಮೂರು ಪಟ್ಟು ಸಣ್ಣದಾಗಿಸಿದಾಗ ತುಂಬಿದವು ಒಂದೂವರೆ ಪಟ್ಟು ಎತ್ತರವಾಗುತ್ತವೆ, ನಿಲ್ಲುವುದೇ ಇಲ್ಲ.

ಆಮೇಲೆ 1/4 ಎಂಬ ಬಿಂದುವಿನ ಮೇಲೆ ಸ್ವಲ್ಪ ಹೊತ್ತು ಕಳೆದೆ. ಅದು ತೆಗೆದ ಯಾವ ತುಂಡಿನಲ್ಲೂ ಇಲ್ಲ, ಯಾವ ತುಂಡಿನ ಅಂಚೂ ಅಲ್ಲ. ಮೂರರ ಆಧಾರದಲ್ಲಿ ಅದು 0.020202…; 2/9 + 2/81 + … ಕೂಡಿ ನೋಡಿದರೆ 1/4 ಬರುತ್ತದೆ. F ಕಂಡುಹಿಡಿಯಲು 2ಗಳನ್ನೆಲ್ಲ 1 ಮಾಡಿ ಎರಡರ ಆಧಾರದಲ್ಲಿ ಓದಬೇಕು: 0.010101…, ಅದು 1/4 + 1/16 + … = 1/3. ಹಾಗಾಗಿ ಮೂರರಲ್ಲಿ ಒಂದು ಸಲ X 1/4ಕ್ಕಿಂತ ಕೆಳಗೆ ಬರುತ್ತದೆ. ಸರಿಯಾಗಿ 1/4 ಬರಬೇಕಾದರೆ ಪ್ರತಿ ಚಿಮ್ಮುವಿಕೆಯೂ ಆ ಒಂದೇ ಸರಣಿಯಂತೆ ಬೀಳಬೇಕು, ಅದರ ಸಂಭವನೀಯತೆ ಸೊನ್ನೆ.

ಸಾಂದ್ರತೆ ಇಲ್ಲವೆಂದರೆ ಸರಾಸರಿ, ವೇರಿಯನ್ಸ್ ಇಲ್ಲವೆಂದಲ್ಲ. ಸಮ್ಮಿತಿಯಿಂದ ಸರಾಸರಿ 1/2. ಮೊದಲ ಅಂಕಿ ಬೇರ್ಪಡಿಸಿದರೆ ಉಳಿದದ್ದು ಅದೇ ವಿತರಣೆಯ ಮೂರನೇ ಒಂದು ಅಳತೆಯ ನಕಲು. ಆದ್ದರಿಂದ ವೇರಿಯನ್ಸ್ v ಆದರೆ v = v/9 + 1/9, ಅಂದರೆ v = 1/8.

ನಾಳೆ ಮೊದಲು ನನ್ನ ವಾಕ್ಯ ತಿದ್ದುತ್ತೇನೆ. ಬೇಕಾದದ್ದು ಬರೀ ಅವಿಚ್ಛಿನ್ನತೆ ಅಲ್ಲ, ಪರಿಪೂರ್ಣ ಅವಿಚ್ಛಿನ್ನತೆ: ಒಟ್ಟು ಉದ್ದ ಸಣ್ಣದಿರುವ ತುಂಡುಗಳ ಮೇಲೆ ಒಟ್ಟು ಏರಿಕೆಯೂ ಸಣ್ಣದಿರಬೇಕು. ಇಲ್ಲಿ ಹತ್ತನೇ ಹಂತದಲ್ಲಿ ಉಳಿದ 1024 ತುಂಡುಗಳ ಒಟ್ಟು ಉದ್ದ 0.017, ಏರಿಕೆ ಪೂರ್ತಿ 1. ಆಮೇಲೆ ಅವಳಿಗೇ F(3/10) ಲೆಕ್ಕ ಕೊಡುತ್ತೇನೆ. ಮೂರರ ಆಧಾರದಲ್ಲಿ 0220 ಮರುಕಳಿಸುತ್ತದೆ. 2/5 ಬಂದರೆ ಸರಿ.