ಕೊಟ್ಬಿಡಿ ಅಂದಿದ್ದು ಯಾರು?

"ಈ ಮಾತು ನಾನು ಆಡೇ ಇಲ್ಲ ಕಣ್ರೀ!"

ನಮ್ಮ ಅಪಾರ್ಟ್‌ಮೆಂಟ್ ಸಂಘದ ಖಜಾಂಚಿ ರಾಯರು ಈ ವಾರ ಎದುರಿಗೆ ಸಿಕ್ಕವರಿಗೆಲ್ಲ ಹೇಳಿದ್ದು ಇದೊಂದೇ. ಸಭೆಯ ಬರಹದಲ್ಲಿ ಅವರ ಹೆಸರಿನ ಮುಂದೆ "ಆಯ್ತು, ಕೊಟ್ಬಿಡಿ ಅತ್ಲಾಗೆ" ಅಂತ ಇತ್ತು. ನೀರಿನ ಟ್ಯಾಂಕರ್‌ನವರಿಗೆ ಮುಂಗಡ ಕೊಡುವ ವಿಷಯ. ಬ್ಯಾಂಕಿನಿಂದ ನಿವೃತ್ತರಾದ ರಾಯರು ಬಿಲ್ ನೋಡದೆ ಹತ್ತು ರೂಪಾಯಿ ಬಿಚ್ಚುವವರಲ್ಲ. ಅವರ ತಕರಾರು ನನಗೆ ಎಷ್ಟೋ ಸಲ ಬೇಸರ ತರಿಸಿದೆ. ಆದರೆ 'ಅತ್ಲಾಗೆ' ಅವರ ಬಾಯಿಗೆ ಬರುವ ಮಾತಲ್ಲ, ಅದಂತೂ ನಿಜ.

ರೆಕಾರ್ಡಿಂಗ್ ಅನ್ನು ಬರಹಕ್ಕೆ ಇಳಿಸಿದ್ದು ಮೂರನೇ ಮಹಡಿಯ ಹುಡುಗ. ನನ್ನ ಕೆಲಸವೂ ಧ್ವನಿಯ ಜೊತೆಗೇ ಆದ್ದರಿಂದ ಪಂಚಾಯ್ತಿ ನನ್ನ ತಲೆಗೆ ಬಂತು.

ಇಲ್ಲಿ ನಡೆಯುವುದು ಎರಡು ಬೇರೆ ಬೇರೆ ಕೆಲಸ. ಒಂದು ಪ್ರೋಗ್ರಾಂ ಮಾತನ್ನು ಅಕ್ಷರಕ್ಕಿಳಿಸಿ, ಯಾವ ಪದ ಎಷ್ಟನೇ ಸೆಕೆಂಡಿನಲ್ಲಿ ಬಂತು ಅಂತ ಗುರುತಿಡುತ್ತದೆ. ಇನ್ನೊಂದಕ್ಕೆ ಪದಗಳ ಗೊಡವೆಯೇ ಇಲ್ಲ. ಅದು ಒಬ್ಬೊಬ್ಬರು ಮಾತಾಡಿದ ತುಂಡುಗಳನ್ನು ಕತ್ತರಿಸಿ, ಪ್ರತಿ ತುಂಡಿನ ದನಿಯನ್ನು ಅಂಕಿಗಳ ಸಾಲಾಗಿ ಮಾಡಿ, ಒಂದಕ್ಕೊಂದು ಹೋಲುವುದನ್ನೆಲ್ಲ ಒಂದೇ ಗುಂಪಿಗೆ ಹಾಕುತ್ತದೆ. ಗುಂಪಿಗೆ ಸಿಗುವ ಹೆಸರು `SPEAKER_03` ಅಷ್ಟೇ. ಆಮೇಲೆ ಸಮಯ ನೋಡಿ ಎರಡನ್ನೂ ಹೊಂದಿಸುತ್ತಾರೆ. `SPEAKER_03` ಅಂದರೆ ರಾಯರು ಅಂತ ಬರೆಯುವುದು ಮನುಷ್ಯರೇ.

ಹುಡುಗ ಆ ಗುಂಪಿನ ಮೊದಲ ತುಂಡು ಕೇಳಿದ್ದ. ರಾಯರು ಬ್ಯಾಂಕ್ ಬಾಕಿ ಓದುತ್ತಿದ್ದರು. ಸರಿ, ಇಡೀ ಗುಂಪಿಗೆ ಅವರ ಹೆಸರು ಹಾಕಿಬಿಟ್ಟ. ನಾನು ಅದೇ ಗುಂಪಿನ ನಡುವಿನದೊಂದು, ಕೊನೆಯದೊಂದು ತುಂಡು ಕೇಳಿದೆ. ಕೊನೆಯದರಲ್ಲಿ ಮಾತಾಡುತ್ತಿದ್ದವರು ಬಿ ಬ್ಲಾಕ್‌ನ ಯಜಮಾನರು! ಇಬ್ಬರದೂ ದಪ್ಪ ದನಿ. ಇಬ್ಬರೂ ಫೋನಿನಿಂದ ದೂರ, ಕಿಟಕಿ ಪಕ್ಕ ಕೂತಿದ್ದರು. ದೂರದ ಮಾತಿನ ಜೊತೆ ಕೋಣೆಯ ಪ್ರತಿಧ್ವನಿಯೂ ಸೇರಿಕೊಳ್ಳುವುದರಿಂದ ಇಬ್ಬರ ದನಿ ಇನ್ನಷ್ಟು ಹತ್ತಿರವಾಗಿತ್ತು. ಮಾತಾಡಿದವರು ಏಳು ಜನ, ಗುಂಪುಗಳು ಆರು.

"ಏಳು ಅಂತ ಹೇಳಿಬಿಟ್ರೆ ಆಯ್ತಲ್ವಾ ಅಂಕಲ್?" ಅಂದ ಹುಡುಗ. `num_speakers=7` ಕೊಟ್ಟು ನೋಡಿದೆವು. ಏಳು ಗುಂಪು ಬಂತು, ಆದರೆ ಇಬ್ಬರು ಗಂಡಸರು ಅಂಟಿಕೊಂಡೇ ಇದ್ದರು. ಎರಡಾಗಿದ್ದು ಕಾರ್ಯದರ್ಶಿ ಮೇಡಂ. ಫೋನಿನ ಪಕ್ಕ ಕೂತು ಮಾತಾಡಿದ ಮೇಡಂ ಒಬ್ಬರು, ಬಾಗಿಲ ಹತ್ತಿರ ಹೋಗಿ ವಾಚ್‌ಮನ್‌ನನ್ನು ಕೂಗಿದ ಮೇಡಂ ಇನ್ನೊಬ್ಬರು. ಪ್ರೋಗ್ರಾಂಗೆ ಆ ಇಬ್ಬರು ಗಂಡಸರ ನಡುವಿನ ವ್ಯತ್ಯಾಸಕ್ಕಿಂತ ಇದೇ ದೊಡ್ಡದಾಗಿ ಕಂಡಿತ್ತು. ಎಷ್ಟು ಜನ ಅಂತ ಹೇಳಬಹುದು, ಯಾರನ್ನು ಬೇರೆ ಮಾಡು ಅಂತ ಅಲ್ಲಿ ಹೇಳಲಾಗುವುದಿಲ್ಲ.

ಆಮೇಲೆ ಕೈಯಾರೆ ಮಾಡಿದೆವು. ರಾಯರು ಒಬ್ಬರೇ ಮಾತಾಡಿದ ಉದ್ದನೆಯದೊಂದು ತುಂಡು, ಯಜಮಾನರದೊಂದು ತುಂಡು ಮಾದರಿಗೆ ತೆಗೆದುಕೊಂಡು, ಆ ಗುಂಪಿನ ಪ್ರತಿ ತುಂಡನ್ನೂ ಎರಡಕ್ಕೂ ಹೋಲಿಸಿದೆವು. ಉದ್ದನೆಯವೆಲ್ಲ ಚೆನ್ನಾಗಿ ಬೇರೆಯಾದವು. ಜಗಳದ ಸಾಲು ಮಾತ್ರ ಇಬ್ಬರಿಗೂ ಹೆಚ್ಚು ಕಡಿಮೆ ಅಷ್ಟೇ ಹೋಲುತ್ತಿತ್ತು. ಒಂದು ಸೆಕೆಂಡು ತಗೊಳ್ಳುವ ಮಾತದು. ಅಷ್ಟರಲ್ಲಿ ದನಿಯ ಗುರುತು ನಿಲ್ಲುವುದು ಕಷ್ಟ.

ಕೊನೆಗೆ ಹೆಡ್‌ಫೋನ್ ಹಾಕಿ, ನಿಧಾನ ಮಾಡಿ, ಮತ್ತೆ ಮತ್ತೆ ಕೇಳಿದೆ. "ಕೊಟ್ಬಿಡಿ ಅತ್ಲಾಗೆ" ಯಜಮಾನರದು. ಅದರ ಅಡಿಯಲ್ಲೇ ಇನ್ನೊಂದು ದನಿ: "ಬಿಲ್ ಬರ್ಲಿ ಮೊದ್ಲು." ರಾಯರು! ಇಬ್ಬರೂ ಒಟ್ಟಿಗೇ ಮಾತಾಡಿದ್ದರು. ಮಾತು ಬರೆಯುವ ಪ್ರೋಗ್ರಾಂ ಜೋರಿನದನ್ನು ಮಾತ್ರ ಬರೆದು, ಮೆತ್ತಗಿನದನ್ನು ಬಿಟ್ಟಿತ್ತು. ಗುಂಪು ಮಾಡುವಾಗ ಆ ಜೋರಿನ ಮಾತು ರಾಯರ ತಲೆಗೆ ಬಂದಿತ್ತು. ಮನುಷ್ಯ ಬೇಡ ಅಂದಿದ್ದು ಕಾಗದದಲ್ಲಿ ಎಲ್ಲೂ ಇಲ್ಲ, ಬೇರೆಯವರ ಒಪ್ಪಿಗೆ ಅವರ ಹೆಸರಲ್ಲಿದೆ.

ಅದನ್ನು ಕೇಳಿದಾಗಿನಿಂದ ಹಳೆಯ ಮಿನಿಟ್ಸ್ ಪುಸ್ತಕ ನೆನಪಾಗುತ್ತಿದೆ. ಅದರಲ್ಲಿ "ಚರ್ಚಿಸಿ ಒಪ್ಪಲಾಯಿತು" ಅಂತ ಒಂದೇ ಸಾಲು ಇರುತ್ತಿತ್ತು. ಯಾರು ಅಂದರು, ಯಾರು ಗೊಣಗಿದರು, ಏನೂ ಇಲ್ಲ. ರಾಯರ "ಬಿಲ್ ಬರ್ಲಿ" ಅಲ್ಲೂ ಮುಳುಗುತ್ತಿತ್ತು, ಆದರೆ ಯಾರೂ ಜಗಳಕ್ಕೆ ನಿಲ್ಲುತ್ತಿರಲಿಲ್ಲ. ಈಗ ಪ್ರತಿ ಸಾಲಿಗೂ ಹೆಸರಿದೆ. ಹೆಸರು ಅಚ್ಚಾಗಿದ್ದರೆ ಜನ ಅನುಮಾನಿಸುವುದೇ ಇಲ್ಲ. ಮೇಡಂ ಕೂಡ "ಕಂಪ್ಯೂಟರ್ ಸುಮ್ನೆ ಹೇಳುತ್ತಾ?" ಅಂದಿದ್ದರು, ತಾವು ಆ ಸಭೆಯಲ್ಲೇ ಕೂತಿದ್ದರೂ!

ನಾನು ಒಂದು ಸೆಕೆಂಡಿಗಿಂತ ಚಿಕ್ಕ ಸಾಲುಗಳಿಗೂ ಇಬ್ಬರು ಒಟ್ಟಿಗೆ ಮಾತಾಡಿದ ಕಡೆಗೂ ಹೆಸರು ತೆಗೆದು ಪ್ರಶ್ನೆ ಚಿಹ್ನೆ ಹಾಕಿಕೊಟ್ಟೆ. ಹಣದ ಮಾತಿದ್ದ ಕಡೆ ಮಾತ್ರ ಕಿವಿಯಿಂದ ಕೇಳಿ ಹೆಸರು ತುಂಬಿದೆ. ಮೇಡಂಗೆ ಇದು ಹಿಡಿಸಲಿಲ್ಲ. ಇಷ್ಟೊಂದು ಪ್ರಶ್ನೆ ಚಿಹ್ನೆ ಇರುವ ಮಿನಿಟ್ಸ್‌ಗೆ ಸಹಿ ಹಾಕುವುದು ಹೇಗೆ ಅಂತ ಅವರ ವಾದ. ಮುಂದಿನ ಸಲ ಶುರುವಿನಲ್ಲೇ ಒಬ್ಬೊಬ್ಬರೂ ಹೆಸರು, ಫ್ಲ್ಯಾಟ್ ನಂಬರ್ ಹೇಳಿ ಎರಡು ವಾಕ್ಯ ಮಾತಾಡಲಿ, ಮಾದರಿ ಸಿಗುತ್ತದೆ ಅಂದೆ. ಫೋನ್ ಮೇಜಿನ ನಡುವೆ ಇರಲಿ ಅಂತಲೂ ಅಂದೆ.

"ಒಬ್ಬರಾದ ಮೇಲೆ ಒಬ್ಬರು ಮಾತಾಡಿ ಅಂತಾನೂ ಹೇಳ್ರೀ," ಅಂದರು ರಾಯರು, ಮೇಡಂ ಮಾತು ಮುಗಿಸುವ ಮೊದಲೇ.