ಅಜ್ಜಿಯ ಇಳಕಲ್ ಸೀರೆಗೆ ಬಣ್ಣ: ಕೊಪ್ಪಳದ ಕುಟುಂಬ ಚಿತ್ರದ ಕೆಲಸ ಎಲ್ಲಿಗೆ ಬಂತು

ಚಿತ್ರದಲ್ಲಿ ನಾಲ್ವರಿದ್ದಾರೆ. ಕುರ್ಚಿಯಲ್ಲಿ ರುಮಾಲು ಸುತ್ತಿದ ಅಜ್ಜ, ಪಕ್ಕದಲ್ಲಿ ಅಜ್ಜಿ, ಅವರ ತೊಡೆಯ ಮೇಲೆ ಕೂಸಾಗಿರುವ ನನ್ನ ತಂದೆ, ಅಜ್ಜನ ಮೊಣಕಾಲಿಗೆ ಒರಗಿ ನಿಂತ ದೊಡ್ಡತ್ತೆ. ಕೊಪ್ಪಳ ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದಾಗ, ಅಂದರೆ 1956ಕ್ಕೆ ಮೊದಲು, ಇಲ್ಲಿನ ಸ್ಟುಡಿಯೋದಲ್ಲಿ ತೆಗೆಸಿದ ಕಪ್ಪು ಬಿಳುಪು ಚಿತ್ರ. ಅದಕ್ಕೆ ಕಂಪ್ಯೂಟರಿನಲ್ಲಿ ಬಣ್ಣ ಹಚ್ಚುತ್ತಿದ್ದೇನೆ. ಸ್ಕ್ಯಾನ್ ಮುಗಿದಿದೆ, ಸೀರೆ ಮುಗಿದಿದೆ, ಮುಖಗಳು ಮುಕ್ಕಾಲು ಭಾಗ ಆಗಿವೆ. ಸೀರೆ ಇಷ್ಟು ಸಮಯ ತೆಗೆದುಕೊಂಡೀತು ಎಂದು ಯಾರಿಗೂ ಅನಿಸುವುದಿಲ್ಲ. ಆದರೆ ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಹೆಚ್ಚಿನದು ಆ ಸೀರೆಯಿಂದಲೇ ಬಂದದ್ದು.

ಸ್ಕ್ಯಾನ್

ಕಪ್ಪು ಬಿಳುಪು ಚಿತ್ರವಾದರೂ ಸ್ಕ್ಯಾನ್ ಮಾಡಿದ್ದು ಬಣ್ಣದಲ್ಲಿ, 1200 ಡಿಪಿಐಗೆ. ಕಾರಣವಿದೆ. ಹಳೆಯ ಕಾಗದ ಹಳದಿಯಾಗಿದೆ, ಮೂಲೆಯಲ್ಲಿ ನೀರಿನ ಕಂದು ಕಲೆಯಿದೆ. ಹಳದಿ ಕಲೆ ನೀಲಿ ಬೆಳಕನ್ನು ಹೀರುತ್ತದೆ, ಕೆಂಪನ್ನು ಹಾಗೆಯೇ ಬಿಡುತ್ತದೆ. ಹೀಗಾಗಿ ಸ್ಕ್ಯಾನಿನ ನೀಲಿ ಚಾನೆಲ್ ತೆರೆದರೆ ಕಲೆ ಕಣ್ಣಿಗೆ ರಾಚುತ್ತದೆ, ಕೆಂಪು ಚಾನೆಲ್ ತೆರೆದರೆ ಬಹುಪಾಲು ಮಾಯ. ಕೆಂಪು ಚಾನೆಲ್ಲನ್ನೇ ಮೂಲವಾಗಿ ಇಟ್ಟುಕೊಂಡೆ. ಕಲೆ ಒರೆಸುವ ಅರ್ಧ ಕೆಲಸ ಅಲ್ಲೇ ಮುಗಿಯಿತು. ಉಳಿದ ಗೀರು, ಚುಕ್ಕೆಗಳನ್ನು ಜಿಂಪ್ ತಂತ್ರಾಂಶದ ಹೀಲ್ ಉಪಕರಣದಿಂದ ಮುಚ್ಚಿದ್ದೇನೆ. ಮುಖಗಳ ಮೇಲೆ ಮಾತ್ರ ಅದನ್ನು ಬಹಳ ಕಡಿಮೆ ಬಳಸಿದ್ದೇನೆ.

ಸೀರೆ

ದೊಡ್ಡತ್ತೆಯನ್ನು ಕೇಳಿದರೆ ಒಂದೇ ಮಾತು: "ಅವ್ವ ಉಟ್ಟಿದ್ದು ಗಿಣಿ ಹಸಿರಿನ ಸೀರೆ, ನನಗೆ ಚೆನ್ನಾಗಿ ನೆನಪಿದೆ." ನನ್ನ ತಾಯಿ ಮದುವೆಯಾಗಿ ಬಂದ ಮೇಲೆ ಅತ್ತೆಯಾದ ಅಜ್ಜಿಯ ಬಾಯಿಂದಲೇ ಕೇಳಿದ್ದು ಬೇರೆ: ಫೋಟೋಕ್ಕೆ ಕುಳಿತಾಗ ಉಟ್ಟಿದ್ದು ದಾಳಿಂಬೆ ಕೆಂಪಿನದು. ಇಬ್ಬರೂ ಖಚಿತವಾಗಿ ಹೇಳುತ್ತಾರೆ. ಚಿತ್ರದಲ್ಲಿ ಸೀರೆಯ ಒಡಲು ಹೆಚ್ಚುಕಡಿಮೆ ಕಪ್ಪಾಗಿ ಕಾಣುತ್ತದೆ.

ಇದನ್ನು ಬಿಡಿಸಲು ಅಜ್ಜಿಯ ಹಣೆ ನೆರವಿಗೆ ಬಂತು. ಕುಂಕುಮ ಇದ್ದಿಲಿನಷ್ಟು ಕಪ್ಪಾಗಿದೆ. ನಾಲ್ವರ ತುಟಿಗಳೂ ಇರಬೇಕಾದ್ದಕ್ಕಿಂತ ಕಪ್ಪು. ಕೆಂಪು ಬಣ್ಣದ್ದೆಲ್ಲ ಹೀಗೆ ಒಟ್ಟಿಗೆ ಕಪ್ಪಾಗಿದೆಯೆಂದರೆ ಚಿತ್ರ ತೆಗೆದದ್ದು ಆರ್ಥೋಕ್ರೊಮ್ಯಾಟಿಕ್ ಫಿಲ್ಮಿನಲ್ಲಿ ಅಥವಾ ಪ್ಲೇಟಿನಲ್ಲಿ. ಅದಕ್ಕೆ ನೀಲಿ ಮತ್ತು ಹಸಿರು ಬೆಳಕು ಕಾಣುತ್ತದೆ, ಕೆಂಪು ಕಾಣುವುದಿಲ್ಲ. ಎಲ್ಲ ಬಣ್ಣಕ್ಕೂ ಸ್ಪಂದಿಸುವ ಪ್ಯಾಂಕ್ರೊಮ್ಯಾಟಿಕ್ ಪ್ಲೇಟುಗಳು 1906ರಿಂದಲೇ ಮಾರಾಟಕ್ಕಿದ್ದರೂ ಆರ್ಥೋ ಬಳಕೆ ಬಹಳ ಕಾಲ ಮುಂದುವರಿಯಿತು. ಕತ್ತಲೆ ಕೋಣೆಯಲ್ಲಿ ಕೆಂಪು ದೀಪ ಹಚ್ಚಿಕೊಂಡು, ಕಣ್ಣಿಂದ ನೋಡುತ್ತಲೇ ಅದನ್ನು ಡೆವಲಪ್ ಮಾಡಬಹುದಿತ್ತು.

ಇಲ್ಲಿಂದ ಒಂದು ಪರೀಕ್ಷೆ ಹೊಳೆಯಿತು. ಭಾಗ್ಯನಗರದ ನೇಕಾರರೊಬ್ಬರ ಮನೆಯಲ್ಲಿ ಗಿಣಿ ಹಸಿರು, ನವಿಲು ಹಸಿರು, ದಾಳಿಂಬೆ ಕೆಂಪು, ಕಪ್ಪು ಒಡಲಿನ ಚಂದ್ರಕಾಳಿ, ನಾಲ್ಕನ್ನೂ ಪಡಸಾಲೆಯ ನೆರಳಿನಲ್ಲಿ ಹರಡಿ, ಮೊಬೈಲಿನಲ್ಲಿ ಒಂದೇ ಚೌಕಟ್ಟಿಗೆ ತೆಗೆದುಕೊಂಡೆ. ಆ ಚಿತ್ರವನ್ನು ಜಿಂಪ್‌ನ Mono Mixer ಮೂಲಕ ಹೀಗೆ ಕಪ್ಪು ಬಿಳುಪು ಮಾಡಿದೆ:

```
Red   0.0
Green 0.5
Blue  0.5
```

ಕೆಂಪನ್ನು ಪೂರ್ತಿ ಕೈಬಿಟ್ಟ ಈ ಮಿಶ್ರಣ ಆರ್ಥೋ ಫಿಲ್ಮಿನ ನೋಟಕ್ಕೆ ಸಾಕಷ್ಟು ಹತ್ತಿರ ಬರುತ್ತದೆ. ಫಲಿತಾಂಶ ಸ್ಪಷ್ಟವಾಗಿತ್ತು. ಗಿಣಿ ಹಸಿರು ನಡುಬೂದು ಬಣ್ಣಕ್ಕೆ ತಿರುಗಿತು. ನವಿಲು ಹಸಿರು ಅದಕ್ಕಿಂತ ಕೊಂಚ ಕಪ್ಪಾದರೂ ಮಡಿಕೆಗಳು ಎದ್ದು ಕಾಣುತ್ತಿದ್ದವು. ದಾಳಿಂಬೆ ಕೆಂಪು ಮತ್ತು ಚಂದ್ರಕಾಳಿ ಎರಡೂ ಕಪ್ಪಿಗೆ ಇಳಿದವು. ಇಳಕಲ್ ಸೀರೆಯ ತೋಪು ತೆನೆಯ ಸೆರಗು ಇಲ್ಲಿ ಅಳತೆಗೋಲಿನ ಕೆಲಸ ಮಾಡಿತು, ಏಕೆಂದರೆ ಆ ಸೆರಗಿನ ಕೆಂಪು, ಬಿಳಿ ಯಾವುವೆಂದು ಮೊದಲೇ ಗೊತ್ತು. ಅಜ್ಜಿಯ ಚಿತ್ರದಲ್ಲಿ ಸೆರಗಿನ ಕೆಂಪು ಭಾಗವೂ ಒಡಲೂ ಒಂದೇ ಮಟ್ಟದ ಕಪ್ಪು. ಗಿಣಿ ಹಸಿರಿನ ಒಡಲಾಗಿದ್ದರೆ ಸೆರಗಿಗಿಂತ ಒಡಲು ಢಾಳಾಗಿ ತಿಳಿಯಾಗಿರಬೇಕಿತ್ತು. ಹಸಿರು ಸಾಧ್ಯವೇ ಇಲ್ಲ. ದೊಡ್ಡತ್ತೆಯ ನೆನಪು ಸುಳ್ಳೆಂದು ನಾನು ಹೇಳುವುದಿಲ್ಲ. ಆ ಹಸಿರು ಸೀರೆ ಬೇರೆ ಯಾವುದೋ ದಿನದ್ದು.

ಆದರೆ ಈ ಪರೀಕ್ಷೆ ಕೆಂಪನ್ನೂ ಕಪ್ಪನ್ನೂ ಬೇರ್ಪಡಿಸಲಾರದು. ಅದನ್ನು ತೀರ್ಮಾನಿಸಿದ್ದು ಕೌದಿ. ಅಜ್ಜಿಯ ಹಳೆಯ ಸೀರೆಗಳನ್ನೆಲ್ಲ ಸೇರಿಸಿ ಹೊಲಿದ ಕೌದಿ ಇನ್ನೂ ನಮ್ಮ ಮನೆಯಲ್ಲಿದೆ. ಅದರ ಒಂದು ತುಂಡಿನಲ್ಲಿ ಗೋಮಿ ದಡಿ ಉಳಿದಿದೆ. ಚಿತ್ರದಲ್ಲಿ ಅಜ್ಜಿಯ ಮೊಣಕಾಲಿನ ಬಳಿ ದಡಿ ಸ್ಪಷ್ಟವಾಗಿ ಕಾಣುವ ಭಾಗವನ್ನು ಹಿಗ್ಗಿಸಿ, ತುಂಡಿನ ಪಕ್ಕ ಇಟ್ಟು ನೋಡಿದರೆ ವಿನ್ಯಾಸ, ದಡಿಯ ಅಂಚಿನ ಎರಡು ಸಣ್ಣ ಗೆರೆಗಳು, ಅವುಗಳ ನಡುವಿನ ಅಂತರ ಎಲ್ಲವೂ ತಾಳೆಯಾದವು. ತುಂಡಿನ ಮೇಲ್ಮೈ ಬಿಸಿಲು ತಿಂದು ಮಾಸಲು ಗುಲಾಬಿಯಾಗಿದೆ, ಅದನ್ನು ನೋಡಿ ಬಣ್ಣ ಎತ್ತಿಕೊಂಡರೆ ಸೀರೆ ಹೊಸದಾಗಿದ್ದಾಗಿನ ಬಣ್ಣ ಸಿಗುವುದಿಲ್ಲ. ತಾಯಿಯ ಅಪ್ಪಣೆ ಪಡೆದು ಅಂಚಿನ ನಾಲ್ಕು ಹೊಲಿಗೆ ಬಿಚ್ಚಿದೆ. ಒಳಗೆ ಮಡಚಿ ಹೊಲಿದ ಅಂಚಿಗೆ ಬೆಳಕು ಸೋಕಿರಲಿಲ್ಲ. ಅಲ್ಲಿ ದಾಳಿಂಬೆ ಕೆಂಪು ಗಾಢವಾಗಿ ಉಳಿದಿತ್ತು, ನೂಲಿನ ಹೊಳಪು ಸಹಿತ. ನೆರಳಿನಲ್ಲಿ, ಪಕ್ಕಕ್ಕೊಂದು ಬಿಳಿ ಕಾಗದ ಇಟ್ಟು ಅದರ ಫೋಟೋ ತೆಗೆದು, ಕಾಗದವನ್ನೇ ಬಿಳುಪಿನ ಆಧಾರವಾಗಿಟ್ಟು ತಿದ್ದಿ, ಬಣ್ಣ ಎತ್ತಿಕೊಂಡೆ. ತಾಯಿ ಅದೇ ಸಂಜೆ ಹೊಲಿಗೆ ಹಾಕಿ ಮುಗಿಸಿದರು.

ಬಣ್ಣ ಗೊತ್ತಾದ ಮೇಲೂ ಒಂದು ತೊಡಕು ಉಳಿಯುತ್ತದೆ. ನಾನು ಬಳಸುವ LCh Color ಮೋಡ್ ಚಿತ್ರದ ಬೆಳಕು ನೆರಳನ್ನು ಮುಟ್ಟುವುದಿಲ್ಲ, ವರ್ಣವನ್ನಷ್ಟೇ ಸೇರಿಸುತ್ತದೆ. ಸಾಮಾನ್ಯವಾಗಿ ಇದು ಒಳ್ಳೆಯದೇ. ಆದರೆ ಇಲ್ಲಿ ಫಿಲ್ಮು ಕೆಂಪನ್ನು ಕಾಣದೆ ಸೀರೆಯನ್ನು ಸುಳ್ಳಾಗಿ ಕಪ್ಪು ಮಾಡಿದೆ. ಒಡಲಿನ ಮಟ್ಟ 255ಕ್ಕೆ 35ರಷ್ಟಿದೆ; ಅಷ್ಟು ಕಪ್ಪಿನ ಮೇಲೆ ಎಂಥ ಕೆಂಪು ಹಚ್ಚಿದರೂ ಕಣ್ಣಿಗೆ ಕಪ್ಪೇ ಕಾಣುತ್ತದೆ. ಕೌದಿಯ ಬಣ್ಣವನ್ನು ಬೂದು ಮಟ್ಟಕ್ಕೆ ತಂದು ನೋಡಿದರೆ 62ರ ಸುಮಾರು ಬರುತ್ತದೆ. ಹಾಗಾಗಿ ಸೀರೆಗಷ್ಟೇ ಮಾಸ್ಕ್ ಹಾಕಿ, ಬಣ್ಣದ ಪದರದ ಕೆಳಗೆ ಕರ್ವ್ಸ್ ಮೂಲಕ ಒಡಲನ್ನು ಅಷ್ಟಕ್ಕೆ ಎತ್ತಿದ್ದೇನೆ. ಮಡಿಕೆಗಳ ನೆರಳನ್ನು ಎತ್ತಿಲ್ಲ. ಅವನ್ನೂ ಎತ್ತಿದರೆ ಮರಳಿನಂಥ ಕಾಳುಗಳು ಮೇಲೆದ್ದು ಬಟ್ಟೆ ಚಪ್ಪಟೆಯಾಗುತ್ತದೆ. ಕುಂಕುಮಕ್ಕೂ ಇದೇ ಕ್ರಮ, ಚಿಕ್ಕದಾಗಿ. ಸಾಕ್ಷಿ ಇರುವಲ್ಲಿ ಮಾತ್ರ ಬೆಳಕು ನೆರಳನ್ನು ಬದಲಿಸಬೇಕೆಂಬುದು ನನ್ನ ನಿಲುವು, ಇಲ್ಲದಿದ್ದರೆ ಚಿತ್ರ ನಮ್ಮ ಕಲ್ಪನೆಯ ಕಡೆಗೆ ಜಾರುತ್ತಾ ಹೋಗುತ್ತದೆ.

ಅಜ್ಜನ ಧೋತರ, ಅಂಗಿ, ರುಮಾಲು ಬೇಗ ಮುಗಿದವು. ಬಿಳಿಯನ್ನು ಬೂದಾಗಿ ಬಿಟ್ಟರೆ ಸುತ್ತಲಿನ ಬಣ್ಣದ ನಡುವೆ ಅದು ಸತ್ತಂತೆ ಕಾಣುತ್ತದೆ. ಬೆಳಕು ಬಿದ್ದಲ್ಲಿ ಅತಿ ತೆಳುವಾದ ಕೆನೆ ಬಣ್ಣ, ನೆರಳಿನಲ್ಲಿ ಬಟ್ಟೆಗೆ ಹಾಕುವ ನೀಲಿಯ ಸುಳಿವು ಸಾಕಾಯಿತು.

ಮುಖಗಳು

ಚರ್ಮಕ್ಕೆಂದು ಒಂದೇ ಕಂದು ಬಣ್ಣ ಆರಿಸಿ ಬಳಿದರೆ ಮುಖ ಮೇಣದಂತಾಗುತ್ತದೆ. ನಮ್ಮ ಚರ್ಮದಲ್ಲಿ ಹಣೆ ಹೆಚ್ಚು ಹಳದಿ ಮಿಶ್ರಿತ ಕಂದು. ಮೂಗಿನ ತುದಿ, ಕೆನ್ನೆ, ಕಿವಿ ಕೆಂಪಿನ ಕಡೆಗೆ ಹೆಚ್ಚು. ಗಡ್ಡ ಬೋಳಿಸಿದ ದವಡೆ ಬೂದು ಹಸಿರಿನ ಕಡೆಗೆ. ನೆರಳಿನಲ್ಲಿ ಬಣ್ಣ ಗಾಢವಾಗಿ ಕೆಂಪಿಗೆ ವಾಲುತ್ತದೆ, ಹೊಳಪಿರುವಲ್ಲಿ ಬಣ್ಣವೇ ಕಡಿಮೆ. ಇದಕ್ಕೆ ಮಾದರಿಯಾಗಿ ತಂದೆಯನ್ನೂ ದೊಡ್ಡತ್ತೆಯನ್ನೂ ಕಿಟಕಿಯ ಪಕ್ಕ ಕೂರಿಸಿ, ಚಿತ್ರದಲ್ಲಿ ಬೆಳಕು ಬಂದ ದಿಕ್ಕಿನಿಂದಲೇ ಬೆಳಕು ಬೀಳುವಂತೆ ಫೋಟೋ ತೆಗೆದೆ. ಪ್ರತಿ ಮುಖಕ್ಕೆ ಮೊದಲು ಕಂದು ತಳಪದರ, ಅದರ ಮೇಲೆ ಕೆಂಪಿನದು, ಹಳದಿಯದು ಬೇರೆ ಬೇರೆ, ಮೆತ್ತನೆಯ ಬ್ರಷ್ಷಿನಿಂದ ತೆಳುವಾಗಿ. ಕೂದಲು ಹಣೆ ಸೇರುವ ಗೆರೆಯಲ್ಲಿ ಚರ್ಮದ ಬಣ್ಣವನ್ನು ಕೂದಲಿನೊಳಕ್ಕೆ ಸ್ವಲ್ಪ ಹರಿಯಬಿಡುತ್ತೇನೆ, ಅಲ್ಲಿ ಮಾಸ್ಕ್ ಕತ್ತರಿಸಿದಂತಿದ್ದರೆ ಎಲ್ಲರೂ ಟೋಪನ್ ಹಾಕಿದಂತೆ ಕಾಣುತ್ತಾರೆ.

ಮುಖ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಉಪಾಯವಿದೆ. ಕಪ್ಪು ಬಿಳುಪು ಚಿತ್ರದ ಮೇಲೆ, ಬಣ್ಣದ ಪದರಗಳ ಕೆಳಗೆ, ಪೂರ್ತಿ ನಡುಬೂದು ಬಣ್ಣದ ಪದರ ಇಡಬೇಕು. ಆಗ ಬೆಳಕು ನೆರಳು ಮರೆಯಾಗಿ ನಾವು ಹಚ್ಚಿದ ಬಣ್ಣ ಮಾತ್ರ ಉಳಿಯುತ್ತದೆ. ಅಜ್ಜನ ಮುಖದಲ್ಲಿ ಹಣೆ, ಕೆನ್ನೆ, ದವಡೆ ಮೂರು ವಲಯಗಳಾಗಿ ಒಂದರೊಳಗೊಂದು ಕರಗುತ್ತಿವೆ. ಅಜ್ಜಿಯ ಮುಖ ಈ ಪರೀಕ್ಷೆಯಲ್ಲಿ ಇನ್ನೂ ಒಂದೇ ತೇಪೆಯಂತೆ ಕಾಣುತ್ತಿದೆ, ಹಾಗಾಗಿ ಅದು ಮುಗಿದಿಲ್ಲ. ಅದಕ್ಕೆ ಸ್ಟುಡಿಯೋದವರ ಕೈಯೂ ಕಾರಣ. ಆಗಿನ ಸ್ಟುಡಿಯೋಗಳಲ್ಲಿ ನೆಗೆಟಿವ್ ಮೇಲೆ ಮೊನಚಾದ ಪೆನ್ಸಿಲ್‌ನಿಂದ ಸುಕ್ಕು, ಕಲೆಗಳನ್ನು ತುಂಬುತ್ತಿದ್ದರು. ಮುದ್ರಿಸಿದಾಗ ಆ ಜಾಗ ತಿಳಿಯಾಗುತ್ತಿತ್ತು. ಅಜ್ಜಿಯ ಕಣ್ಣಿನ ಕೆಳಗೆ ಆ ಸಣ್ಣ ಗೀಟುಗಳು ಹಿಗ್ಗಿಸಿದಾಗ ಎಣಿಸುವಷ್ಟು ಕಾಣುತ್ತವೆ. ಬೆಳಕಿನಲ್ಲಿ ವ್ಯತ್ಯಾಸವಿಲ್ಲದ ಕಡೆ ಬಣ್ಣದಲ್ಲಿಯೇ ವ್ಯತ್ಯಾಸ ತರಬೇಕು.

ಆರ್ಥೋ ಫಿಲ್ಮು ಚರ್ಮವನ್ನೂ ಕೊಂಚ ಕಪ್ಪಾಗಿಸುತ್ತದೆ, ಆದ್ದರಿಂದ ಮುಖಗಳನ್ನು ತುಸು ತಿಳಿಯಾಗಿಸಲು ನ್ಯಾಯವಾದ ಕಾರಣವಿದೆ. ಆದರೆ ನೆಂಟರಲ್ಲಿ ಕೆಲವರು "ಇನ್ನೂ ಸ್ವಲ್ಪ ಬೆಳ್ಳಗೆ ಮಾಡು" ಎನ್ನುತ್ತಿದ್ದಾರೆ. ಮಾಡುವುದಿಲ್ಲ. ಅಜ್ಜ ಬಿಸಿಲಿನಲ್ಲಿ ಹೊಲ ಮಾಡಿದವರು. ಅವರ ಮಗಳ ಕೈಯ ಬಣ್ಣ ನನ್ನ ಕಣ್ಣ ಮುಂದಿದೆ, ನನ್ನ ಅಳತೆ ಅದು.

ಉಳಿದದ್ದು

ಗಾಜಿನ ಬಳೆಗಳಿಗೆ ಹಸಿರು ಹಚ್ಚಿದ್ದೇನೆ, ಆರ್ಥೋದಲ್ಲಿ ಅವು ಸೀರೆಗಿಂತ ತಿಳಿಯಾಗಿ ಬಂದಿರುವುದು ಅದಕ್ಕೆ ಹೊಂದುತ್ತದೆ. ಬೋರಮಾಳದ ಚಿನ್ನಕ್ಕೆ ಹಳದಿ ಬಳಿಯದೆ ಗುಂಡಿನ ನೆರಳಿಗೆ ಕಂದು, ಹೊಳಪಿಗೆ ತೆಳು ಹಳದಿ ಕೊಡಬೇಕು. ಅಜ್ಜಿಯ ಖಣದ ಕುಪ್ಪಸಕ್ಕೂ ದೊಡ್ಡತ್ತೆಯ ಲಂಗಕ್ಕೂ ಸಾಕ್ಷಿಯಿಲ್ಲ. ಅವೆರಡಕ್ಕೂ ಹಿಂದಿನ ಪರದೆಗೂ ಮಂದವಾದ, ಯಾವ ಕಡೆಗೂ ವಾಲದ ಬಣ್ಣ ಕೊಟ್ಟು ಬಿಡುತ್ತೇನೆ. ಮುದ್ರಿಸಿದ ಪ್ರತಿಯ ಹಿಂದೆ ಯಾವುದು ಕೌದಿಯಿಂದ ಬಂದ ಬಣ್ಣ, ಯಾವುದು ನನ್ನ ಊಹೆ ಎಂದು ಬರೆಯುತ್ತೇನೆ, ತಿದ್ದದ ಸ್ಕ್ಯಾನಿನ ಒಂದೊಂದು ಪ್ರತಿಯನ್ನು ಎಲ್ಲ ಮನೆಗಳಿಗೂ ಕೊಡುತ್ತೇನೆ. ಮುಂದಿನ ವಾರ ಅಜ್ಜಿಯ ಮುಖಕ್ಕೆ ಕೂರುತ್ತೇನೆ. ದೊಡ್ಡತ್ತೆಯ ಇನ್ನೊಂದು ಫೋಟೋ, ಈ ಸಲ ಎಡಗೆನ್ನೆಗೆ ಬೆಳಕು ಬೀಳುವಂತೆ, ತೆಗೆದುಕೊಳ್ಳಬೇಕಿದೆ.