ನೀರಿನ ಗುಳಿಗೆಯ ಬೋರ್ಡ್: ಇಲ್ಲಿಯವರೆಗೆ ಆದ ಕೆಲಸ

ಮೊದಲ ಭಾನುವಾರ, ಡೊಂಬಿವಲಿ

ಈ ಬೋರ್ಡ್ ಕೆಲಸ ಶುರುವಾದದ್ದು ದೊಡ್ಡಮ್ಮನ ಒಂದು ಪ್ರಶ್ನೆಯಿಂದ. ದೊಡ್ಡಪ್ಪನಿಗೆ ಹೃದಯದ ತೊಂದರೆ ಇದೆ. ಕಾಲಿನ ಬಾವು ಇಳಿಯಲಿ ಅಂತ ಎರಡು ವರ್ಷದಿಂದ ಫ್ಯೂರೋಸೆಮೈಡ್ 40 ಮಿಲಿಗ್ರಾಂ ನಡೆದಿತ್ತು. ಕಳೆದ ವಾರ ಡಾಕ್ಟರು ಅದನ್ನು ತೆಗೆದು ಟಾರ್ಸೆಮೈಡ್ 20 ಮಿಲಿಗ್ರಾಂ ಬರೆದರು. ದೊಡ್ಡಮ್ಮ ಫೋನ್ ಮಾಡಿದರು: "ಅಲ್ಲಪಾ, 40 ಪವರಿಂದು ಇತ್ತು, ಈಗ 20 ಮಾಡ್ಯಾರ. ಔಷಧ ಅರ್ಧಕ್ಕ ಇಳಿಸಿದ್ರೇನು?"

ಅದೇ ಸಂಜೆ ಅವರ ಪಕ್ಕದ ಮನೆಯ ಕಾಕಾ ಇದಕ್ಕೆ ತದ್ವಿರುದ್ಧ ಹೇಳಿದ್ದರಂತೆ. 20ರಲ್ಲೇ ಕೆಲಸ ಮಾಡುತ್ತದೆ ಅಂದರೆ ಇದು ಭಾರೀ ಸ್ಟ್ರಾಂಗ್ ಔಷಧ, ಹುಷಾರಾಗಿರಿ ಅಂತ. ಇಬ್ಬರೂ ನೋಡಿದ್ದು ಒಂದೇ ಅಂಕಿ. ಇಬ್ಬರೂ ತಪ್ಪು.

ನಾನು ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವವನು. ಹಗಲೆಲ್ಲ ಗುಳಿಗೆಯಲ್ಲಿ ಎಷ್ಟು ಮಿಲಿಗ್ರಾಂ ಇದೆ ಅಂತ ಅಳೆಯುತ್ತೇನೆ. ಆದರೆ ಆ ಅಂಕಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅಂತ ಫೋನಿನಲ್ಲಿ ಹೇಳಲು ಹೋಗಿ ಅವತ್ತು ತಡವರಿಸಿದೆ. ಕೈಯಲ್ಲಿ ಹಿಡಿದು ಸರಿಸಿ ನೋಡುವಂಥದ್ದು ಏನಾದರೂ ಮಾಡಬೇಕು ಅನಿಸಿತು. ನಮ್ಮ ಕನ್ನಡ ಬಳಗದವರು ತಿಂಗಳಿಗೊಮ್ಮೆ ಸೇರುತ್ತೇವೆ. ಅಲ್ಲಿ ಬಿಪಿ, ಹೃದಯದ ಗುಳಿಗೆ ತಗೊಳ್ಳುವವರೇ ಅರ್ಧ ಜನ. ಅವರ ಮುಂದೆ ಇಡುವ ಹಾಗೆ ಮಾಡೋಣ ಅಂತ ಹೊರಟೆ.

ಮಂಗಳವಾರ ರಾತ್ರಿ

ಮೊದಲ ಪ್ರಯತ್ನ ಕೆಟ್ಟಿತು. ಆದರೆ ಕೆಟ್ಟದ್ದರಲ್ಲೇ ದಾರಿ ಸಿಕ್ಕಿತು.

ಸಾದಾ ಗ್ರಾಫ್ ಹಾಳೆ ತಗೊಂಡೆ. ಅಡ್ಡಕ್ಕೆ ಡೋಸ್, 1 ಸೆಂಟಿಮೀಟರಿಗೆ 20 ಮಿಲಿಗ್ರಾಂ. ಉದ್ದಕ್ಕೆ ಪರಿಣಾಮ, ಅಂದರೆ ಮೂತ್ರದಲ್ಲಿ ಹೊರಗೆ ಹೋಗುವ ಉಪ್ಪು. ಉಪ್ಪು ಹೋದರೆ ಅದರ ಹಿಂದೆ ನೀರು ಹೋಗುತ್ತದೆ, ಅದಕ್ಕೇ ಇದು ನೀರಿನ ಗುಳಿಗೆ. ಲೆಕ್ಕಕ್ಕೆ ಎಲ್ಲ ಫಾರ್ಮಕಾಲಜಿ ತರಗತಿಯಲ್ಲೂ ಹೇಳಿಕೊಡುವ ಸೂತ್ರವನ್ನೇ ಇಟ್ಟುಕೊಂಡೆ:

```
E = Emax × D / (D + ED50)
```

ಇಲ್ಲಿ D ಅಂದರೆ ಡೋಸ್. Emax ಅಂದರೆ ಆ ಔಷಧದಿಂದ ಆಗಬಹುದಾದ ಅತಿ ಹೆಚ್ಚಿನ ಪರಿಣಾಮ, ಅದರ ಮಾಳಿಗೆ. ED50 ಅಂದರೆ ಆ ಮಾಳಿಗೆಯ ಅರ್ಧದಷ್ಟು ಎತ್ತರ ಮುಟ್ಟಲು ಬೇಕಾದ ಡೋಸ್. ಬೋರ್ಡಿನ ಅನುಕೂಲಕ್ಕೆ ಫ್ಯೂರೋಸೆಮೈಡಿನ ಮಾಳಿಗೆ 100, ಅರ್ಧದ ಡೋಸ್ 40 ಮಿಲಿಗ್ರಾಂ ಅಂತ ಹಿಡಿದೆ. ನಿಜವಾದ ದೇಹದಲ್ಲಿ ಗೆರೆ ಇದಕ್ಕಿಂತ ಕಡಿದಾಗಿ ಏರುತ್ತದೆ. ಸಣ್ಣ ಡೋಸಿಗೆ ಹೆಚ್ಚುಕಡಿಮೆ ಏನೂ ಆಗುವುದಿಲ್ಲ, ಒಂದು ಹಂತ ದಾಟಿದ ಮೇಲೆ ಜೋರಾಗಿ ಶುರುವಾಗುತ್ತದೆ. ಆದರೆ ನಾನು ತೋರಿಸಬೇಕಾದದ್ದಕ್ಕೆ ಈ ಸರಳ ಗೆರೆ ಸಾಕು.

40 ಮಿಲಿಗ್ರಾಂಗೆ 50 ಬಂತು. 80ಕ್ಕೆ 67. 160ಕ್ಕೆ 80. 320ಕ್ಕೆ 89. ಡೋಸ್ ಎಂಟು ಪಟ್ಟಾದರೂ ಪರಿಣಾಮ ಎರಡು ಪಟ್ಟು ಕೂಡ ಆಗಲಿಲ್ಲ.

ಆಮೇಲೆ ಅದೇ ಜಾತಿಯ ಬ್ಯುಮೆಟನೈಡ್ ಬಿಡಿಸಲು ಹೋದೆ. ಬಾಯಿಂದ ತಗೊಳ್ಳುವ ಫ್ಯೂರೋಸೆಮೈಡ್ 40 ಮಿಲಿಗ್ರಾಂ ಮಾಡುವ ಕೆಲಸಕ್ಕೆ ಬ್ಯುಮೆಟನೈಡ್ 1 ಮಿಲಿಗ್ರಾಂ ಸಾಕು. ನನ್ನ ಹಾಳೆಯಲ್ಲಿ 1 ಮಿಲಿಗ್ರಾಂ ಅಂದರೆ ಅರ್ಧ ಮಿಲಿಮೀಟರ್! ಗೆರೆ ಎಡ ಅಂಚಿಗೆ ಗೋಡೆ ಕಟ್ಟಿದ ಹಾಗೆ ನೆಟ್ಟಗೆ ನಿಂತಿತು. ಪಕ್ಕದಲ್ಲಿ ಫ್ಯೂರೋಸೆಮೈಡ್ ಮೆಲ್ಲಗೆ ಗುಡ್ಡ ಹತ್ತುತ್ತಿತ್ತು. ಯಾರೇ ನೋಡಿದರೂ ಬ್ಯುಮೆಟನೈಡೇ ಜೋರು ಅನ್ನುತ್ತಾರೆ. ಕಾಕಾ ಮಾಡಿದ ತಪ್ಪನ್ನೇ ನನ್ನ ಹಾಳೆ ಮಾಡುತ್ತಿತ್ತು.

ಗುರುವಾರ

ಆಫೀಸಿನಿಂದ ಬರುವಾಗ ದಾದರಿನಲ್ಲಿ ಇಳಿದು ಓಎಚ್‌ಪಿ ಹಾಳೆ ತಂದೆ. ಹಿಂದೆ ಪಾಠಕ್ಕೆ ಪ್ರೊಜೆಕ್ಟರ್ ಮೇಲೆ ಇಡುತ್ತಿದ್ದರಲ್ಲ, ಆ ಪಾರದರ್ಶಕ ಹಾಳೆ. ಸ್ಕೆಚ್ ಪೆನ್ ಅದರ ಮೇಲೆ ನಿಲ್ಲುವುದಿಲ್ಲ, ಕೈ ತಾಗಿದರೆ ಅಳಿಸುತ್ತದೆ. ಪರ್ಮನೆಂಟ್ ಮಾರ್ಕರೇ ಬೇಕು.

ಈ ಸಲ ಪ್ಲೈವುಡ್ ಮೇಲೆ ಅಡ್ಡ ಅಳತೆಯನ್ನು ಬೇರೆ ರೀತಿ ಹಾಕಿದೆ. ಸಮನಾಗಿ ಮಿಲಿಗ್ರಾಂ ಕೂಡಿಸುತ್ತಾ ಹೋಗುವ ಬದಲು, ಪ್ರತಿ 10 ಸೆಂಟಿಮೀಟರಿಗೆ ಡೋಸ್ ಹತ್ತು ಪಟ್ಟು: 0.1, 1, 10, 100, 1000. ಒಟ್ಟು 40 ಸೆಂಟಿಮೀಟರ್. ಇದೇ ಲಾಗ್ ಅಳತೆ. ಇದರಲ್ಲಿ ಡೋಸ್ ಎರಡು ಪಟ್ಟಾದಾಗಲೆಲ್ಲ 3 ಸೆಂಟಿಮೀಟರ್ ಬಲಕ್ಕೆ ಹೋಗುತ್ತೇವೆ, ಎಲ್ಲಿಂದ ಶುರು ಮಾಡಿದರೂ ಅಷ್ಟೇ.

ಫ್ಯೂರೋಸೆಮೈಡಿನ ಗೆರೆಯನ್ನು ಓಎಚ್‌ಪಿ ಹಾಳೆಯಲ್ಲಿ ಎಳೆದೆ. ಎಡಗಡೆ ಮೆಲ್ಲಗೆ ಏಳುತ್ತದೆ, ನಡುವೆ ಏರುತ್ತದೆ, ಬಲಗಡೆ ಮಾಳಿಗೆಗೆ ತಾಗಿ ಮಲಗುತ್ತದೆ. ಬ್ಯುಮೆಟನೈಡಿಗೆ ಬೇರೆ ಗೆರೆ ಎಳೆಯಬೇಕಾಗಲೇ ಇಲ್ಲ. ಅದೇ ಹಾಳೆಯನ್ನು 16 ಸೆಂಟಿಮೀಟರ್ ಎಡಕ್ಕೆ ಜಾರಿಸಿದೆ, ಆಯಿತು. ಆಕಾರ ಅದೇ, ಮಾಳಿಗೆ ಅದೇ. ಟಾರ್ಸೆಮೈಡಿಗೆ ಬರೀ 3 ಸೆಂಟಿಮೀಟರ್.

ಇದನ್ನು ಮೊದಲ ಸಲ ಜಾರಿಸಿದಾಗ ತುಂಬಾ ಹೊತ್ತು ಸುಮ್ನೆ ಅತ್ತಿತ್ತ ಸರಿಸುತ್ತಾ ಕೂತಿದ್ದೆ. ಪೊಟೆನ್ಸಿ ಅಂದರೆ ಈ ಜಾರುವಿಕೆ, ಇಷ್ಟೇ. ಹಾಳೆ ಎಷ್ಟು ಎಡಕ್ಕೆ ಹೋದರೂ ಗೆರೆ ಒಂದು ಕೂದಲೆಳೆಯಷ್ಟೂ ಮೇಲೆ ಏಳುವುದಿಲ್ಲ.

ಬೋರ್ಡಿನ ಅಡ್ಡ ಅಂಚಿಗೆ "ಎಷ್ಟು ಬೇಕು" ಅಂತ ಬರೆದೆ. ಉದ್ದದ ಅಂಚಿಗೆ "ಎಷ್ಟಾಗುತ್ತೆ" ಅಂತ. ಮೊದಲನೆಯದು ಪೊಟೆನ್ಸಿ, ಎರಡನೆಯದು ಎಫಿಕಸಿ. ನಮ್ಮ ಮನೆಗಳಲ್ಲಿ ಎರಡಕ್ಕೂ ಒಂದೇ ಶಬ್ದ, "ಪವರ್". ಗೊಂದಲ ಹುಟ್ಟುವುದೇ ಅಲ್ಲಿ.

ಶನಿವಾರ

ಇವತ್ತು ಎರಡನೇ ಹಾಳೆ. ಇದಕ್ಕೆ ವಸ್ತು ಕಾಕಾ ಅವರ ಬಿಪಿ ಗುಳಿಗೆಯಿಂದಲೇ ಸಿಕ್ಕಿತು: ಕ್ಲೋರ್ಥಾಲಿಡೋನ್ 12.5 ಮಿಲಿಗ್ರಾಂ. ಅದೂ ಉಪ್ಪು, ನೀರು ಹೊರಗೆ ಹಾಕುವ ಔಷಧವೇ. ಮಿಲಿಗ್ರಾಂ ನೋಡಿದರೆ ಫ್ಯೂರೋಸೆಮೈಡಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಕಾಕಾ ಅವರ ಲೆಕ್ಕದಲ್ಲಿ ಇದು ಇನ್ನೂ ಸ್ಟ್ರಾಂಗ್ ಆಗಬೇಕು, ಅಲ್ವಾ?

ಆದರೆ ಇದರ ಮಾಳಿಗೆಯೇ ಗಿಡ್ಡ. ಕಾರಣ ಕಿಡ್ನಿಯ ಒಳಗಿದೆ. ಕಿಡ್ನಿ ಮೊದಲು ರಕ್ತದಿಂದ ಉಪ್ಪುನೀರನ್ನು ಸೋಸಿ ಸಣ್ಣ ಸಣ್ಣ ನಳಿಗೆಗಳಿಗೆ ಬಿಡುತ್ತದೆ. ಆಮೇಲೆ ನಳಿಗೆಯ ಉದ್ದಕ್ಕೂ ಬೇಕಾದ ಉಪ್ಪನ್ನು ವಾಪಸ್ ಎಳೆದುಕೊಳ್ಳುತ್ತದೆ. ನಳಿಗೆಯ ನಡುವೆ ಹೆನ್ಲೆ ಲೂಪ್ ಅಂತ ಒಂದು ತಿರುವು ಇದೆ. ಅದರ ಏರುವ ಭಾಗದಲ್ಲಿ, ಸೋಸಿದ ಸೋಡಿಯಂನ ಸುಮಾರು ಕಾಲು ಭಾಗ ವಾಪಸ್ ಹೋಗುತ್ತದೆ. ಫ್ಯೂರೋಸೆಮೈಡ್, ಬ್ಯುಮೆಟನೈಡ್, ಟಾರ್ಸೆಮೈಡ್ ಮೂರೂ ಬಾಗಿಲು ಹಾಕುವುದು ಅಲ್ಲೇ. ಹಾಗಾಗಿ ಮೂರಕ್ಕೂ ಮಾಳಿಗೆ ಒಂದೇ, ಹೆಚ್ಚೆಂದರೆ 20ರಿಂದ 25% ಸೋಡಿಯಂ ಹೊರಗೆ ಹೋಗಬಹುದು. ಕ್ಲೋರ್ಥಾಲಿಡೋನ್ ಕೆಲಸ ಮಾಡುವುದು ಇನ್ನೂ ಮುಂದೆ. ಅಲ್ಲಿಗೆ ಬರುವ ಹೊತ್ತಿಗೆ ಹೆಚ್ಚಿನ ಉಪ್ಪು ಆಗಲೇ ವಾಪಸ್ ಹೋಗಿರುತ್ತದೆ. ಅಲ್ಲಿನ ಬಾಗಿಲು ಪೂರ್ತಿ ಹಾಕಿದರೂ ಹೊರಗೆ ಹೋಗುವುದು 5ರಿಂದ 8% ಅಷ್ಟೇ.

ಅದಕ್ಕೆ ಹೊಸ ಹಾಳೆಯಲ್ಲಿ ಮಾಳಿಗೆ 30 ಅಂತ ಹಿಡಿದು ಗೆರೆ ಎಳೆದೆ. 12.5 ಮಿಲಿಗ್ರಾಂಗೆ 15. 25ಕ್ಕೆ 20. 100ಕ್ಕೆ 27. 200ಕ್ಕೆ 28. ಫ್ಯೂರೋಸೆಮೈಡಿನ 40 ಮಿಲಿಗ್ರಾಂ ಕೊಟ್ಟ 50ನ್ನು ಇದು ಎಷ್ಟು ಕೊಟ್ಟರೂ ಮುಟ್ಟುವುದಿಲ್ಲ. ಹಾಳೆಯನ್ನು ಎಡಕ್ಕೆ ಎಷ್ಟಾದರೂ ಜಾರಿಸಿ, ಮುಟ್ಟುವುದಿಲ್ಲ.

ಹಾಗಂತ ಇದು ಕೀಳು ಔಷಧ ಅಲ್ಲ. ಬರೀ ಬಿಪಿ ಇದ್ದು ಕಿಡ್ನಿ ಚೆನ್ನಾಗಿದ್ದರೆ ಡಾಕ್ಟರು ಹೆಚ್ಚಾಗಿ ಈ ಜಾತಿಯದನ್ನೇ ಬರೆಯುತ್ತಾರೆ. ಬಾಯಿಂದ ತಗೊಂಡ ಫ್ಯೂರೋಸೆಮೈಡಿನ ಪರಿಣಾಮ ಸುಮಾರು 6 ಗಂಟೆಯಲ್ಲಿ ಮುಗಿಯುತ್ತದೆ. ಕ್ಲೋರ್ಥಾಲಿಡೋನ್ ಒಂದು ದಿನ ದಾಟುತ್ತದೆ. ಬಿಪಿಗೆ ಬೇಕಾದದ್ದು ಹಾಗೆ ಮೆಲ್ಲಗೆ, ದಿನವಿಡೀ ನಡೆಯುವ ಕೆಲಸ. ಎದೆಯಲ್ಲಿ ನೀರು ತುಂಬಿ ಉಸಿರು ಕಟ್ಟುವವರಿಗೆ ಮಾತ್ರ ಎತ್ತರದ ಮಾಳಿಗೆ ಬೇಕೇ ಬೇಕು.

ಎರಡನೇ ಭಾನುವಾರ

ಬೋರ್ಡ್ ಹೊತ್ತುಕೊಂಡು ದೊಡ್ಡಮ್ಮನ ಮನೆಗೆ ಹೋದೆ. ಹಾಳೆ ಅವರ ಕೈಗೇ ಕೊಟ್ಟೆ. ಅವರು 40ರ ಮೇಲೆ ಬೆರಳಿಟ್ಟು ಎತ್ತರ ನೋಡಿದರು. ಹಾಳೆಯನ್ನು 3 ಸೆಂಟಿಮೀಟರ್ ಎಡಕ್ಕೆ ಸರಿಸಿದರು. ಈಗ 20ರ ಮೇಲೆ ಬೆರಳಿಟ್ಟರು. "ಅಷ್ಟ ಐತಲ್ಲ," ಅಂದರು. ಆಮೇಲೆ ಕೇಳಿದರು: "ಅಷ್ಟ ಇದ್ರ ಯಾಕ ಬದಲಿ ಮಾಡಿದ್ರು?"

ಈ ಪ್ರಶ್ನೆಗೆ ನನ್ನ ಬೋರ್ಡಿನಲ್ಲಿ ಉತ್ತರ ಇಲ್ಲ, ಬೇರೆ ಕಡೆ ಇದೆ. ಫ್ಯೂರೋಸೆಮೈಡ್ ಗುಳಿಗೆ ಕರುಳಿನಿಂದ ರಕ್ತಕ್ಕೆ ಸೇರುವುದು ಒಬ್ಬೊಬ್ಬರಿಗೆ ಒಂದೊಂದು ತರ, 10%ನಿಂದ 90%ವರೆಗೆ. ಅದೇ ಮನುಷ್ಯನಿಗೂ ದಿನದಿಂದ ದಿನಕ್ಕೆ ಬದಲಾಗಬಹುದು. ಟಾರ್ಸೆಮೈಡ್ 80%ಗಿಂತ ಹೆಚ್ಚು ಸೇರುತ್ತದೆ, ಹೆಚ್ಚುಕಡಿಮೆ ಪ್ರತಿದಿನ ಒಂದೇ ರೀತಿ. ಸ್ವಲ್ಪ ಜಾಸ್ತಿ ಹೊತ್ತೂ ಇರುತ್ತದೆ. ದೊಡ್ಡಪ್ಪನ ಡಾಕ್ಟರು ಹೇಳಿದ ಕಾರಣವೂ ಇದೇ ಅಂತ ಚೀಟಿ ನೋಡಿದಾಗ ಗೊತ್ತಾಯಿತು. 20 ಅನ್ನುವ ಸಣ್ಣ ಅಂಕಿಗೂ ಇದಕ್ಕೂ ಸಂಬಂಧವಿಲ್ಲ.

ಈ ಲಾಭವೂ ಎಷ್ಟು ದೊಡ್ಡದು ಅಂತ ಅಮೆರಿಕದಲ್ಲಿ ಪರೀಕ್ಷೆ ಮಾಡಿದ್ದಾರೆ. ಟ್ರಾನ್ಸ್‌ಫಾರ್ಮ್-ಎಚ್‌ಎಫ್ ಅಂತ ಅದರ ಹೆಸರು, ಫಲಿತಾಂಶ ಬಂದದ್ದು 2023ರಲ್ಲಿ. ಹೃದಯ ಸೋತು ಆಸ್ಪತ್ರೆ ಸೇರಿದ್ದ 2859 ಜನರಲ್ಲಿ ಕೆಲವರಿಗೆ ಟಾರ್ಸೆಮೈಡ್, ಕೆಲವರಿಗೆ ಫ್ಯೂರೋಸೆಮೈಡ್ ಕೊಟ್ಟರು. ಎರಡೂ ಗುಂಪಿನಲ್ಲಿ ಸತ್ತವರು ಸುಮಾರು 26%. ವ್ಯತ್ಯಾಸ ಕಾಣಲಿಲ್ಲ. ಇದನ್ನು ದೊಡ್ಡಮ್ಮನಿಗೆ ಹೇಳಲಿಲ್ಲ, ಬಳಗದಲ್ಲಿ ಕೇಳಿದರೆ ಹೇಳುತ್ತೇನೆ.

ಬುಧವಾರ

ದೊಡ್ಡಪ್ಪನಿಗಾಗಿ ಇನ್ನೊಂದು ಹಾಳೆ ಬೇಕೆನಿಸಿತು. ಈ ಔಷಧಗಳು ನಳಿಗೆಯ ಒಳಗಿನಿಂದ ಕೆಲಸ ಮಾಡುತ್ತವೆ. ಕಿಡ್ನಿ ದುರ್ಬಲವಾದಾಗ ಔಷಧ ನಳಿಗೆಯೊಳಗೆ ಕಡಿಮೆ ಇಳಿಯುತ್ತದೆ. ಆಗ ಗೆರೆ ಬಲಕ್ಕೆ ಜಾರುತ್ತದೆ, ಹೆಚ್ಚು ಡೋಸ್ ಬೇಕಾಗುತ್ತದೆ. ಅದಕ್ಕೆ ಹಳೆಯ ಹಾಳೆಯೇ ಸಾಕು. ಹೃದಯ ಸೋತಾಗ ಆಗುವುದು ಬೇರೆ, ಮಾಳಿಗೆಯೇ ಕೆಳಗಿಳಿಯುತ್ತದೆ. ಮಾಳಿಗೆ ತಾಗಿದ ಮೇಲೆ ಒಂದೇ ಸಲಕ್ಕೆ ಇನ್ನಷ್ಟು ಕೊಟ್ಟರೆ ಮೂತ್ರ ಹೆಚ್ಚುವುದಿಲ್ಲ. ಡಾಕ್ಟರು ಅದೇ ಡೋಸನ್ನು ದಿನಕ್ಕೆ ಎರಡು ಸಲ ಮಾಡುತ್ತಾರೆ, ಇಲ್ಲವೇ ಮುಂದಿನ ಬಾಗಿಲು ಹಾಕುವ ಕ್ಲೋರ್ಥಾಲಿಡೋನ್ ಜಾತಿಯ ಔಷಧ ಜೊತೆಗೆ ಸೇರಿಸುತ್ತಾರೆ. ಗಿಡ್ಡ ಮಾಳಿಗೆಯದು ಅಲ್ಲಿ ಉಪಯೋಗಕ್ಕೆ ಬರುತ್ತದೆ. ಆದರೆ ಎರಡೂ ಸೇರಿದಾಗ ಪೊಟ್ಯಾಶಿಯಂ ಬೇಗ ಇಳಿಯುವುದರಿಂದ ರಕ್ತ ಪರೀಕ್ಷೆ ತಪ್ಪಿಸುವ ಹಾಗಿಲ್ಲ.

ಈ ಹಾಳೆಗೆ 60ರ ಮಾಳಿಗೆ ಹಾಕಿದ್ದೇನೆ. ಅದು ತೋರಿಸಲು ಹಿಡಿದ ಅಂಕಿ ಮಾತ್ರ ಅಂತ ಕೆಳಗೆ ದೊಡ್ಡದಾಗಿ ಬರೆದಿದ್ದೇನೆ. ಯಾರೂ ಬೋರ್ಡ್ ನೋಡಿ ಗುಳಿಗೆ ಹೆಚ್ಚುಕಡಿಮೆ ಮಾಡಿಕೊಳ್ಳಬಾರದು.

ಬಾಕಿ ಇರುವ ಕೆಲಸ: ಪೊಟ್ಯಾಶಿಯಂ ಇಳಿಯುವುದಕ್ಕೂ ಒಂದು ಕೆಂಪು ಗೆರೆ. ಅದನ್ನು ಬೇರೆ ಹಾಳೆಯಲ್ಲಿ ಎಳೆದರೆ ತಪ್ಪಾಗುತ್ತದೆ. ಉಪ್ಪು ಹೋಗುವುದು, ಪೊಟ್ಯಾಶಿಯಂ ಇಳಿಯುವುದು ಎರಡೂ ಆ ಒಂದೇ ಬಾಗಿಲು ಹಾಕಿದ್ದರ ಫಲ. ಹಾಗಾಗಿ ಕೆಂಪು ಗೆರೆಯನ್ನು ಫ್ಯೂರೋಸೆಮೈಡಿನ ನೀಲಿ ಗೆರೆ ಇರುವ ಹಾಳೆಯ ಮೇಲೆಯೇ ಎಳೆಯಬೇಕು. ಬ್ಯುಮೆಟನೈಡಿಗೆ ಅಂತ 16 ಸೆಂಟಿಮೀಟರ್ ಜಾರಿಸಿದರೆ ಎರಡೂ ಒಟ್ಟಿಗೆ ಜಾರಬೇಕು, ನಡುವಿನ ಅಂತರ ಅಷ್ಟೇ ಉಳಿಯಬೇಕು. ಕೆಂಪು ಮಾರ್ಕರ್ ಒಣಗಿದೆ, ನಾಳೆ ಸ್ಟೇಷನ್ ಹತ್ತಿರ ತರಬೇಕು.